ಮೂರು ತುಂಡು ಕಣಕಿ, ಒಂದು ಚೌಕದ ಚಿತ್ರ

ಪ್ರಶ್ನೆ: ಸರ್, ನಾನು ಕುಷ್ಟಗಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ನಿವೃತ್ತರಾದ ಹಿರಿಯ ಶಿಕ್ಷಕರೊಬ್ಬರ ನೋಟ್‌ಬುಕ್ಕಿನಲ್ಲಿ ಕೈಯಿಂದ ಬಿಡಿಸಿದ ಒಂದು ಚಿತ್ರ ಸಿಕ್ಕಿತು. ಒಂದು ಚೌಕ, ಚುಕ್ಕಿಗೆರೆಯಲ್ಲಿ ಅದರ ಕರ್ಣ, ಒಳಗೆ ಗೀಟು ಹಾಕಿ ತುಂಬಿದ ಎರಡು ಸಣ್ಣ ತ್ರಿಭುಜ. ಮೇಲೆ ‘ಕೋಲನ್ನು ಮನಬಂದ ಎರಡು ಕಡೆ ಕತ್ತರಿಸಿದರೆ ತುಂಡುಗಳಿಂದ ತ್ರಿಭುಜ ಆಗುವ ಸಂಭವನೀಯತೆ’ ಎಂದಿದೆ, ಕೆಳಗೆ 1/4 ಎಂದಿದೆ. ಬೇರೆ ವಿವರಣೆ ಇಲ್ಲ. ಕೋಲು ಅಂದರೆ ಒಂದು ಗೆರೆ, ಅದಕ್ಕೆ ಚೌಕ ಯಾಕೆ? ಇನ್ನೊಂದು ಮಾತು. 40 ಮಕ್ಕಳಿಗೆ ಒಂದೊಂದು ಜೋಳದ ಕಣಕಿ ಕೊಟ್ಟು ಮುರಿಸಿದೆ. ಒಮ್ಮೆ ಮುರಿದು, ಉದ್ದ ಉಳಿದ ತುಂಡನ್ನು ಮತ್ತೆ ಮುರಿದರು. 17 ಮಕ್ಕಳಿಗೆ ತ್ರಿಭುಜ ಬಂತು. ಹತ್ತರ ಆಸುಪಾಸು ಬರಬೇಕಿತ್ತಲ್ಲವೇ? ತಪ್ಪು ಚಿತ್ರದ್ದೋ, ಪ್ರಯೋಗದ್ದೋ?

ಉತ್ತರ: ಮೇಡಂ, ಚಿತ್ರ ಸರಿಯಾಗಿದೆ. ಮಕ್ಕಳಿಗೆ ಬಂದ 17 ಕೂಡ ಬರಬೇಕಾದ ಹಾಗೆಯೇ ಬಂದಿದೆ. ಚಿತ್ರ ಬಿಡಿಸಿದ ಗುರುಗಳು ಒಂದು ಬಗೆಯ ಕತ್ತರಿಸುವಿಕೆಗೆ ಲೆಕ್ಕ ಹಾಕಿದ್ದಾರೆ, ಮಕ್ಕಳು ಕತ್ತರಿಸಿದ ಬಗೆ ಬೇರೆ. ಈ ಎರಡು ದಾರಿ ಎಲ್ಲಿ ಬೇರೆಯಾಗುತ್ತವೆ ಎಂಬುದನ್ನು ಅದೇ ಚೌಕದ ಮೇಲೆ ಬೆರಳಿಟ್ಟು ತೋರಿಸಬಹುದು. ಅದಕ್ಕೆ ಮೊದಲು ಚಿತ್ರವನ್ನು ನಿಧಾನವಾಗಿ ಓದಿಕೊಳ್ಳೋಣ.

ಕೋಲಿನ ಉದ್ದ 60 ಸೆಂ.ಮೀ. ಇರಲಿ. ಪುಸ್ತಕಗಳಲ್ಲಿ ಉದ್ದ 1 ಎಂದು ಹಿಡಿಯುತ್ತಾರೆ. ತರಗತಿಯಲ್ಲಿ 60 ಹಿಡಿದರೆ ಅರ್ಧ, ಮೂರನೇ ಒಂದು, ಹತ್ತನೇ ಒಂದು ಎಲ್ಲವೂ ಪೂರ್ಣ ಸಂಖ್ಯೆಗಳಾಗಿ ಸಿಗುತ್ತವೆ, ಮಕ್ಕಳ ಕಣ್ಣು ಭಿನ್ನರಾಶಿಯಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಕೋಲಿನ ಎಡ ತುದಿಯಿಂದ ಅಳೆದು ಒಂದು ಗುರುತು x ಸೆಂ.ಮೀ.ಗೆ, ಇನ್ನೊಂದು ಗುರುತು y ಸೆಂ.ಮೀ.ಗೆ ಹಾಕಿದೆವು ಎನ್ನಿ. ಎರಡನ್ನೂ ಹಾಕಿ ಮುಗಿಸುವವರೆಗೆ ಕತ್ತರಿ ಮುಟ್ಟುವಂತಿಲ್ಲ. ಒಂದು ಗುರುತು ಎಲ್ಲಿ ಬಿತ್ತು ಎನ್ನುವುದಕ್ಕೂ ಇನ್ನೊಂದು ಎಲ್ಲಿ ಬೀಳುತ್ತದೆ ಎನ್ನುವುದಕ್ಕೂ ಸಂಬಂಧವಿಲ್ಲ. ಕೋಲಿನ ಯಾವ ಜಾಗಕ್ಕೂ ವಿಶೇಷ ಒಲವಿಲ್ಲ. ಹಿರಿಯರು ‘ಮನಬಂದ ಎರಡು ಕಡೆ’ ಎಂದು ಬರೆದ ಮೂರು ಪದಗಳಲ್ಲಿ ಇಷ್ಟೆಲ್ಲ ಷರತ್ತು ಅಡಗಿದೆ. ಮುಂದೆ ಬರುವ ಸಮಸ್ಯೆಯೆಲ್ಲ ಇದರ ಒಳಗಿನದೇ.

ಈಗ ಚೌಕ ಯಾಕೆ ಎಂಬ ಮಾತು. ಒಂದು ಗುರುತಾದರೆ ಗೆರೆಯೇ ಸಾಕಿತ್ತು. ಕೋಲೇ ಆ ಗೆರೆ. ಇಲ್ಲಿ ಪ್ರತಿ ಸಲವೂ ಎರಡು ಸಂಖ್ಯೆಗಳು ಒಟ್ಟಿಗೆ ಹುಟ್ಟುತ್ತವೆ, x ಮತ್ತು y. ಎರಡು ಸಂಖ್ಯೆಗಳ ಜೋಡಿಗೆ ಗ್ರಾಫ್ ಹಾಳೆಯ ಮೇಲೆ ಒಂದು ಬಿಂದು. x ಸೊನ್ನೆಯಿಂದ 60ರವರೆಗೆ ಎಲ್ಲಿಯಾದರೂ ಇರಬಹುದು, y ಕೂಡ ಹಾಗೆಯೇ, ಆದ್ದರಿಂದ ಬಿಂದು ಓಡಾಡುವ ಜಾಗ 60 × 60ರ ಚೌಕ. ಅಂದರೆ ಚಿತ್ರದಲ್ಲಿರುವ ಚೌಕ ಕೋಲಿನ ಚಿತ್ರವೇ ಅಲ್ಲ. ಕೋಲನ್ನು ಕತ್ತರಿಸಬಹುದಾದ ಎಲ್ಲ ವಿಧಾನಗಳ ನಕ್ಷೆ ಅದು. ಅದರ ಮೇಲಿನ ಒಂದೊಂದು ಚುಕ್ಕೆಯೂ ಒಂದು ಇಡೀ ಪ್ರಯೋಗ. ಈ ಒಂದು ಮಾತು ಮಕ್ಕಳ ತಲೆಗೆ ಹೋಗದಿದ್ದರೆ ಮುಂದಿನದು ಯಾವುದೂ ಹೋಗುವುದಿಲ್ಲ. ಅದಕ್ಕಾಗಿ ನಾನು ಮೊದಲು ನಾಲ್ಕೈದು ಕೋಲುಗಳನ್ನು ಹಲಗೆಯ ಎಡಗಡೆ ಬರೆದು, ಪ್ರತಿಯೊಂದಕ್ಕೂ ಬಲಗಡೆಯ ಚೌಕದಲ್ಲಿ ಒಂದು ಚುಕ್ಕೆ ಇಡಿಸುತ್ತೇನೆ. ಗುರುತುಗಳು 20 ಮತ್ತು 40ರಲ್ಲಿದ್ದರೆ ಚುಕ್ಕೆ (20, 40). 10 ಮತ್ತು 50ರಲ್ಲಿದ್ದರೆ (10, 50). ಮೊದಲ ಗುರುತು 50ಕ್ಕೆ, ಎರಡನೆಯದು 10ಕ್ಕೆ ಬಿದ್ದರೆ (50, 10). ಕೊನೆಯ ಎರಡರಲ್ಲಿ ಕೋಲಿನ ತುಂಡುಗಳು ಒಂದೇ, ಚುಕ್ಕೆಗಳು ಮಾತ್ರ ಕರ್ಣದ ಆಚೆ ಈಚೆ. ಗುರುಗಳು ಕರ್ಣವನ್ನು ಚುಕ್ಕಿಗೆರೆಯಲ್ಲಿ ಬಿಡಿಸಿದ್ದರ ಕಾರಣ ಇದೇ: ಅದರ ಮೇಲ್ಭಾಗದಲ್ಲಿ x ಚಿಕ್ಕದು, ಕೆಳಭಾಗದಲ್ಲಿ y ಚಿಕ್ಕದು, ಒಂದು ಭಾಗ ಇನ್ನೊಂದರ ಕನ್ನಡಿ.

ಎಲ್ಲ ಜಾಗಕ್ಕೂ ಸಮಾನ ಅವಕಾಶ ಎಂದು ಮೊದಲೇ ಒಪ್ಪಿದ್ದರಿಂದ ಚೌಕದೊಳಗಿನ ಒಂದು ಚದರ ಸೆಂಟಿಮೀಟರಿಗೂ ಇನ್ನೊಂದಕ್ಕೂ ಭೇದವಿಲ್ಲ. ಹೀಗಾಗಿ ತ್ರಿಭುಜ ಕೊಡುವ ಚುಕ್ಕೆಗಳು ಎಷ್ಟು ಜಾಗ ಹಿಡಿದಿವೆ ಎಂದು ಅಳೆದು, ಅದನ್ನು ಒಟ್ಟು 3600 ಚದರ ಸೆಂ.ಮೀ.ನಿಂದ ಭಾಗಿಸಿದರೆ ಸಂಭವನೀಯತೆ ಸಿಕ್ಕಿತು. ಎಣಿಸುವ ಕೆಲಸ ಅಳೆಯುವ ಕೆಲಸವಾಗಿ ಬದಲಾಯಿತು.

ಯಾವ ಚುಕ್ಕೆಗಳು ತ್ರಿಭುಜ ಕೊಡುತ್ತವೆ? ತ್ರಿಭುಜದ ಯಾವ ಎರಡು ಬಾಹುಗಳನ್ನು ಕೂಡಿದರೂ ಮೂರನೆಯದಕ್ಕಿಂತ ದೊಡ್ಡದಾಗಬೇಕು ಎಂದು ಮಕ್ಕಳು ಕಲಿತಿರುತ್ತಾರೆ. ಇಲ್ಲಿ ಮೂರು ತುಂಡುಗಳ ಮೊತ್ತ 60 ಎಂದು ಗೊತ್ತಿರುವುದರಿಂದ ಈ ನಿಯಮ ಇನ್ನೂ ಸರಳವಾಗುತ್ತದೆ. ಒಂದು ತುಂಡು ಉಳಿದೆರಡರ ಮೊತ್ತಕ್ಕಿಂತ ಚಿಕ್ಕದು ಅಂದರೆ ಅದು ಕೋಲಿನ ಅರ್ಧಕ್ಕಿಂತ ಚಿಕ್ಕದು. ಆದ್ದರಿಂದ ಷರತ್ತು ಇಷ್ಟೇ: ಯಾವ ತುಂಡೂ 30 ಸೆಂ.ಮೀ. ಮುಟ್ಟಬಾರದು. 12, 20, 28 ಬಂದರೆ ತ್ರಿಭುಜ ಆಗುತ್ತದೆ. 12, 17, 31 ಬಂದರೆ 12 ಮತ್ತು 17 ಎಷ್ಟು ಚಾಚಿದರೂ ಒಂದನ್ನೊಂದು ಮುಟ್ಟುವುದಿಲ್ಲ.

ಕರ್ಣದ ಮೇಲ್ಭಾಗವನ್ನು ತೆಗೆದುಕೊಳ್ಳಿ. ಅಲ್ಲಿ ತುಂಡುಗಳು x, y − x, 60 − y. ಮೊದಲನೆಯದು 30ಕ್ಕಿಂತ ಕಡಿಮೆ ಇರಬೇಕಾದರೆ ಚುಕ್ಕೆ x = 30 ಎಂಬ ನೆಟ್ಟನೆಯ ಗೆರೆಯ ಎಡಕ್ಕಿರಬೇಕು. ಕೊನೆಯದು 30ಕ್ಕಿಂತ ಕಡಿಮೆ ಇರಬೇಕಾದರೆ ಚುಕ್ಕೆ y = 30 ಎಂಬ ಅಡ್ಡಗೆರೆಯ ಮೇಲಿರಬೇಕು. ನಡುವಿನ ತುಂಡು 30ಕ್ಕಿಂತ ಕಡಿಮೆ ಇರಬೇಕಾದರೆ ಚುಕ್ಕೆ y = x + 30 ಎಂಬ ಓರೆಗೆರೆಯ ಕೆಳಗಿರಬೇಕು. ಮೂರು ಗೆರೆ ಎಳೆಯಿರಿ. ಕರ್ಣದ ಮೇಲಿನ ದೊಡ್ಡ ತ್ರಿಭುಜ ಸರಿಸಮನಾದ ನಾಲ್ಕು ತ್ರಿಭುಜಗಳಾಗಿ ಒಡೆಯುತ್ತದೆ, ಯಾಕೆಂದರೆ ಈ ಮೂರು ಗೆರೆಗಳು ದೊಡ್ಡದರ ಬಾಹುಗಳ ಮಧ್ಯಬಿಂದುಗಳನ್ನೇ ಜೋಡಿಸುತ್ತವೆ. ಮಧ್ಯಬಿಂದು ಪ್ರಮೇಯ ಇಲ್ಲಿ ತಾನಾಗಿ ಬಂದು ನಿಲ್ಲುವುದು ನನಗೆ ಈ ಚಿತ್ರದಲ್ಲಿ ಬಲು ಇಷ್ಟವಾದ ಭಾಗ.

ನಾಲ್ಕರಲ್ಲಿ ಮೂಲೆಯ ಮೂರು ತ್ರಿಭುಜಗಳಿಗೆ ಒಂದೊಂದು ಅರ್ಥವಿದೆ. ಕೆಳಗಿನ ಎಡ ಮೂಲೆಯದರಲ್ಲಿ ಎರಡೂ ಗುರುತುಗಳು ಕೋಲಿನ ಎಡ ಅರ್ಧದಲ್ಲಿ ಬಿದ್ದಿವೆ, ಹಾಗಾಗಿ ಕೊನೆಯ ತುಂಡು ತೀರ ಉದ್ದ. ಮೇಲಿನ ಬಲ ಮೂಲೆಯದರಲ್ಲಿ ಎರಡೂ ಬಲ ಅರ್ಧದಲ್ಲಿ, ಮೊದಲ ತುಂಡು ಉದ್ದ. ಮೇಲಿನ ಎಡ ಮೂಲೆಯದರಲ್ಲಿ ಒಂದು ಗುರುತು ಎಡ ತುದಿಯ ಕಡೆ, ಇನ್ನೊಂದು ಬಲ ತುದಿಯ ಕಡೆ, ನಡುವಿನ ತುಂಡು ಉದ್ದ. ಮೂರರಲ್ಲೂ ತ್ರಿಭುಜ ಆಗದು. ನಡುವೆ ತಲೆಕೆಳಗಾಗಿ ನಿಂತ ನಾಲ್ಕನೆಯದೇ ಗೀಟು ಹಾಕಿದ ಭಾಗ. ಅದರ ಶೃಂಗಗಳು (0, 30), (30, 30), (30, 60). ಲಂಬಬಾಹುಗಳು 30, 30, ವಿಸ್ತೀರ್ಣ 450. ಕರ್ಣದ ಕೆಳಗೆ ಅದರ ಕನ್ನಡಿ, ಅದೂ 450. ಒಟ್ಟು 900. 3600ರಲ್ಲಿ 900 ಅಂದರೆ ಕಾಲು ಭಾಗ. ಗುರುಗಳ 1/4 ಬಂದದ್ದು ಹೀಗೆ.

ಸರಿಯಾಗಿ 30 ಬಂದರೆ ಏನು ಎಂದು ಒಬ್ಬ ಹುಡುಗನಾದರೂ ಕೇಳುತ್ತಾನೆ. ಆಗ ತುಂಡುಗಳು ಒಂದರ ಮೇಲೊಂದು ಚಪ್ಪಟೆಯಾಗಿ ಮಲಗುತ್ತವೆ, ತ್ರಿಭುಜವಿಲ್ಲ. ಆದರೆ ಅಂಥ ಚುಕ್ಕೆಗಳೆಲ್ಲ ಗೆರೆಗಳ ಮೇಲಿರುತ್ತವೆ. ಗೆರೆಗೆ ವಿಸ್ತೀರ್ಣವಿಲ್ಲದ ಕಾರಣ ಅವನ್ನು ಸೇರಿಸಿದರೂ ಬಿಟ್ಟರೂ ಉತ್ತರ ಅಲುಗುವುದಿಲ್ಲ. ಸ್ಕೇಲ್ ಹಿಡಿದು ಪ್ರಯೋಗ ಮಾಡುವಾಗ ಮಾತ್ರ ಈ ಮಾತು ನಿಲ್ಲುವುದಿಲ್ಲ. ಅದನ್ನು ಕೊನೆಗೆ ನೋಡೋಣ.

ಈ ಚಿತ್ರವನ್ನು ಕೈಯಿಂದ ಬಿಡಿಸುವಾಗ ಎರಡು ತಪ್ಪು ಸಾಮಾನ್ಯ. y = x + 30ರ ಓರೆಗೆರೆಯನ್ನು ಮರೆತರೆ ಗೀಟು ಹಾಕಿದ ಭಾಗ ಎರಡು ಚೌಕವಾಗಿ ಉತ್ತರ 1/2 ಬರುತ್ತದೆ. ‘ಎರಡು ಗುರುತುಗಳು ಮಧ್ಯದ ಆಚೆ ಈಚೆ ಬಿದ್ದರೆ ಸಾಕು’ ಎಂದು ಬಾಯಲ್ಲೇ ವಾದಿಸುವವರು ಮಾಡುವ ತಪ್ಪೂ ಇದೇ. ಇನ್ನೊಂದು, ಕರ್ಣದ ಮೇಲಿನ ಒಂದೇ ತ್ರಿಭುಜವನ್ನು ಅಳೆದು ಇಡೀ ಚೌಕದಿಂದ ಭಾಗಿಸಿದರೆ 1/8 ಬರುತ್ತದೆ. ಅರ್ಧ ಚಿತ್ರವನ್ನು ನೋಡುವುದಾದರೆ ಅರ್ಧ ಚೌಕದಿಂದಲೇ ಭಾಗಿಸಬೇಕು, 450ನ್ನು 1800ರಿಂದ. ಚಿತ್ರ ಸರಿಯಿದೆಯೇ ಎಂದು ಪರೀಕ್ಷಿಸಲು ಎರಡು ಚುಕ್ಕೆ ಸಾಕು. (20, 40) ಅಂದರೆ ಮೂರೂ ತುಂಡು 20, ಅದು ಗೀಟಿನ ಒಳಗಿರಲೇಬೇಕು. ಲೆಕ್ಕ ಮಾಡಿದರೆ ಅದು ಆ ಸಣ್ಣ ತ್ರಿಭುಜದ ಗುರುತ್ವ ಕೇಂದ್ರದಲ್ಲೇ ಬೀಳುತ್ತದೆ. (10, 50) ಅಂದರೆ 10, 40, 10, ಅದು ಗೀಟಿನ ಹೊರಗಿರಲೇಬೇಕು. ಓರೆಗೆರೆ ಮರೆತ ಚಿತ್ರದಲ್ಲಿ ಈ ಎರಡನೆಯ ಚುಕ್ಕೆ ಒಳಗೆ ಬಂದು ತಪ್ಪನ್ನು ತೋರಿಸಿಕೊಡುತ್ತದೆ.

ಇನ್ನು ನಿಮ್ಮ ಮಕ್ಕಳ ಕಣಕಿಗೆ ಬರೋಣ. ಚೌಕವನ್ನು ನೆಟ್ಟನೆಯ ತೆಳು ಪಟ್ಟಿಗಳಾಗಿ ಸೀಳಿ ನೋಡಿ. ಒಂದು ಪಟ್ಟಿ ಅಂದರೆ ಮೊದಲ ಗುರುತು ಒಂದು ಕಡೆ ನಿಂತಿದೆ, ಎರಡನೆಯದು ಇನ್ನೂ ಬೀಳಬೇಕು. ಮೊದಲ ಗುರುತು 24ರಲ್ಲಿದೆ ಎನ್ನಿ. ಆ ಪಟ್ಟಿಯಲ್ಲಿ ಗೀಟು ಹಾಕಿದ ಭಾಗ y = 30ರಿಂದ y = 54ರವರೆಗೆ, ಅಂದರೆ 24 ಸೆಂ.ಮೀ. ಪಟ್ಟಿಯ ಒಟ್ಟು ಎತ್ತರ 60. ಎರಡನೆಯ ಗುರುತು ಕೋಲಿನ ಮೇಲೆ ಎಲ್ಲಿ ಬೇಕಾದರೂ ಬೀಳಬಹುದಾದ್ದರಿಂದ ತ್ರಿಭುಜ ಆಗುವ ಅವಕಾಶ 60ರಲ್ಲಿ 24, ಅಂದರೆ 0.4.

ಇದೇ 24ರಲ್ಲಿ ನಿಮ್ಮ ವಿದ್ಯಾರ್ಥಿನಿಯೊಬ್ಬಳು ಕಣಕಿ ಮುರಿದಳು ಎನ್ನಿ. ಅವಳ ಕೈಯಲ್ಲಿ 24ರ ತುಂಡು ಒಂದು, 36ರ ತುಂಡು ಒಂದು. 24ರದನ್ನು ಪಕ್ಕಕ್ಕಿಟ್ಟು 36ರದನ್ನು ಮುರಿಯುತ್ತಾಳೆ. ಎರಡನೆಯ ಮುರಿತ ಅನುಕೂಲವಾಗುವ ಜಾಗ ಮೊದಲಿನದೇ, ಮೂಲ ಕೋಲಿನ 30ರಿಂದ 54ರವರೆಗಿನ 24 ಸೆಂ.ಮೀ. ಅದರಲ್ಲಿ ಏನೂ ಹೆಚ್ಚು ಕಡಿಮೆ ಆಗಿಲ್ಲ. ಆದರೆ ಅವಳ ಎರಡನೆಯ ಮುರಿತ ಬೀಳಬಹುದಾದ ಜಾಗ 60 ಇದ್ದದ್ದು 36ಕ್ಕೆ ಇಳಿದಿದೆ. ಅವಕಾಶ 36ರಲ್ಲಿ 24, ಅಂದರೆ ಮೂರರಲ್ಲಿ ಎರಡು. ಅಂಶ ಒಂದೇ, ಛೇದ ಬದಲಾಯಿತು. ಚಿತ್ರದ ಪ್ರಕಾರ ಎರಡನೆಯ ಗುರುತು 24ರ ಚಿಕ್ಕ ತುಂಡಿನ ಮೇಲೂ ಬೀಳಬಹುದಿತ್ತು, ಹಾಗೆ ಬಿದ್ದಾಗಲೆಲ್ಲ 36ರ ತುಂಡು ಹಾಗೆಯೇ ಉಳಿದು ತ್ರಿಭುಜ ತಪ್ಪುತ್ತಿತ್ತು. ಉದ್ದದ ತುಂಡನ್ನೇ ಆರಿಸುವ ಮಕ್ಕಳು ಈ ಸೋಲಿನ ಸಾಧ್ಯತೆಯನ್ನು ಆಟದಿಂದಲೇ ತೆಗೆದುಹಾಕಿದ್ದಾರೆ. ಅವರ ಸಂಖ್ಯೆ 1/4ಕ್ಕಿಂತ ಮೇಲೆ ಹೋಗಲೇಬೇಕು.

ಎಷ್ಟು ಮೇಲೆ? ಉದ್ದದ ತುಂಡು L ಆದರೆ ಅವಕಾಶ (60 − L)/L. ಮೊದಲ ಮುರಿತ ಎಲ್ಲಿಯಾದರೂ ಬೀಳಬಹುದಾದರೆ L 30ರಿಂದ 60ರವರೆಗೆ ಸಮಾನವಾಗಿ ಹರಡಿರುತ್ತದೆ. ಈ ಹರವನ್ನು ಆರಾರು ಸೆಂ.ಮೀ.ನ ಐದು ಭಾಗ ಮಾಡಿ, ಪ್ರತಿ ಭಾಗದ ನಡುವಿನ ಬೆಲೆಯನ್ನು ತೆಗೆದುಕೊಳ್ಳೋಣ. L = 33 ಆದರೆ 27/33, ಅಂದರೆ 0.818. L = 39 ಆದರೆ 21/39, 0.538. L = 45 ಆದರೆ 15/45, 0.333. L = 51 ಆದರೆ 9/51, 0.176. L = 57 ಆದರೆ 3/57, 0.053. ಐದರ ಸರಾಸರಿ 0.384. ಅನುಕಲನ ಮಾಡಿ ನಿಖರವಾಗಿ ತೆಗೆದರೆ 2 ln 2 − 1, ಅಂದರೆ 0.386. ಹತ್ತನೇ ತರಗತಿಯ ಮಕ್ಕಳಿಗೆ ಅನುಕಲನ ಬೇಡ, ಐದು ಭಾಗಾಕಾರ ಮಾಡಿಸಿದರೆ ಎರಡನೆಯ ದಶಾಂಶ ಸ್ಥಾನದವರೆಗೆ ಹತ್ತಿರ ಬಂದೇಬಿಡುತ್ತಾರೆ.

ಈ ಐದು ಸಂಖ್ಯೆಗಳನ್ನು ಸಾಲಾಗಿ ಇನ್ನೊಮ್ಮೆ ನೋಡಿ. ಮೊದಲ ಮುರಿತ ನಡುವಿಗೆ ಹತ್ತಿರವಾದರೆ ಗೆಲುವು ಹೆಚ್ಚುಕಡಿಮೆ ಖಚಿತ, ತುದಿಗೆ ಹತ್ತಿರವಾದರೆ ಹೆಚ್ಚುಕಡಿಮೆ ಇಲ್ಲ. ಕೈಯಿಂದ ಕಣಕಿ ಮುರಿಯುವವರು ತುದಿಯಲ್ಲಿ ಮುರಿಯಲಾರರು. ಎರಡು ಮುಷ್ಟಿ ಹಿಡಿಯಲು ಜಾಗ ಬೇಕು, 3 ಸೆಂ.ಮೀ. ತುದಿಯನ್ನು ಮುರಿಯಲು ಬೆರಳಿಗೆ ಬಲ ಸಾಲದು. ತುದಿಯಿಂದ 6 ಸೆಂ.ಮೀ. ಒಳಗೆ ಯಾರೂ ಮುರಿಯಲಿಲ್ಲ ಎಂದು ಹಿಡಿದರೆ ನಮ್ಮ ಪಟ್ಟಿಯ ಕೊನೆಯ ಸಾಲು, ಅಂದರೆ 0.053, ಪೂರ್ತಿ ಹೊರಟುಹೋಗುತ್ತದೆ. ಉಳಿದ ನಾಲ್ಕರ ಸರಾಸರಿ 0.467. ಎರಡನೆಯ ಮುರಿತಕ್ಕೂ ಇದೇ ಅಡ್ಡಿ ಇರುವುದರಿಂದ ನಿಜದ ಸಂಖ್ಯೆ ಇದಕ್ಕಿಂತಲೂ ಏರುತ್ತದೆ. 36ರ ತುಂಡನ್ನೇ ತೆಗೆದುಕೊಳ್ಳಿ: ಎರಡು ತುದಿಯ ಆರಾರು ಸೆಂ.ಮೀ. ಬಿಟ್ಟು ನಡುವಿನ 24ರಲ್ಲಿ ಎಲ್ಲಿ ಮುರಿದರೂ ತ್ರಿಭುಜ ಬರುತ್ತದೆ. ಕಣಕಿಗೆ ತನ್ನದೇ ಹಟವೂ ಇದೆ. ಗೆಣ್ಣು ಇರುವಲ್ಲಿ ಅದು ಗಟ್ಟಿ, ಮುರಿಯುವವರು ಬಯಸಿದ ಕಡೆ ಮುರಿಯದೆ ಪಕ್ಕಕ್ಕೆ ಸರಿದು ಸೀಳುತ್ತದೆ. ಬುಡ ದಪ್ಪ, ತುದಿ ತೆಳು. ಕೋಲಿನ ಎಲ್ಲ ಜಾಗಕ್ಕೂ ಸಮಾನ ಅವಕಾಶ ಎಂಬ ಮಾತು ಹೊಲದಿಂದ ತಂದ ಕಣಕಿಗೆ ಒಪ್ಪುವುದೇ ಇಲ್ಲ.

ಈಗ ನಿಮ್ಮ 17ನ್ನು ತೂಗೋಣ. ಗುರುಗಳ ಚಿತ್ರದ ಪ್ರಕಾರ 40ರಲ್ಲಿ 10 ಬರಬೇಕು, ಆದರೆ ಪ್ರತಿ ಸಲವೂ 10 ಬಾರದು. ಏರಿಳಿತದ ಅಳತೆಯಾದ ಮಾನಕ ವಿಚಲನೆ 40 × 1/4 × 3/4ರ ವರ್ಗಮೂಲ, ಸುಮಾರು 2.7. ಹತ್ತಕ್ಕಿಂತ ಎರಡು ಮೂರು ಆಚೀಚೆ ಆಗುವುದು ಸಹಜ. 17 ಏಳು ಹೆಚ್ಚು, ಅಂದರೆ ಎರಡೂವರೆ ಮಾನಕ ವಿಚಲನೆಯಷ್ಟು ದೂರ. ಅಷ್ಟು ದೂರವನ್ನು ಬರೀ ಅದೃಷ್ಟದ ಲೆಕ್ಕಕ್ಕೆ ಹಾಕಲು ನಾನು ಒಪ್ಪುವುದಿಲ್ಲ, ನಿಮಗೆ ಅನುಮಾನ ಬಂದದ್ದು ನ್ಯಾಯವಾಗಿಯೇ ಇದೆ. ಉದ್ದದ ತುಂಡು ಮುರಿಯುವ ಲೆಕ್ಕದ ಪ್ರಕಾರ ಬರಬೇಕಾದದ್ದು 40 × 0.386, ಅಂದರೆ 15.4, ಮಾನಕ ವಿಚಲನೆ ಸುಮಾರು 3.1. ಇದಕ್ಕೆ 17 ತೀರ ಹತ್ತಿರ. ತುದಿ ಬಿಟ್ಟು ಮುರಿಯುವ ಲೆಕ್ಕ ಹಿಡಿದರೆ 40 × 0.467, ಸುಮಾರು 19. ಅದಕ್ಕೂ 17 ಹತ್ತಿರವೇ. 40 ಕಣಕಿಗಳಿಂದ ಈ ಕೊನೆಯ ಎರಡರಲ್ಲಿ ಯಾವುದು ಎಂದು ಹೇಳಲು ಬರುವುದಿಲ್ಲ, ಮೊದಲನೆಯದು ಹೊಂದುವುದಿಲ್ಲ ಎಂದು ಮಾತ್ರ ಹೇಳಬಹುದು.

ಹಾಗಾದರೆ ಒಂದಾದ ಮೇಲೊಂದರಂತೆ ಕತ್ತರಿಸಿದರೆ 1/4 ಎಂದೂ ಬಾರದೇ ಎಂದು ನೀವು ಕೇಳಬಹುದು. ಬರುತ್ತದೆ, ಎರಡನೆಯ ಸಲ ಯಾವ ತುಂಡನ್ನು ಎತ್ತಿಕೊಳ್ಳುವುದು ಎನ್ನುವುದನ್ನು ಅದರ ಉದ್ದಕ್ಕೆ ತಕ್ಕಂತೆ ತೀರ್ಮಾನಿಸಿದರೆ. 24 ಮತ್ತು 36ರ ತುಂಡುಗಳಿದ್ದಾಗ 36ರದು 60ರಲ್ಲಿ 36 ಸಲ ಮಾತ್ರ ಕೈಗೆ ಬರಬೇಕು. ಬಂದಾಗ ಗೆಲುವಿನ ಅವಕಾಶ 36ರಲ್ಲಿ 24. ಎರಡನ್ನೂ ಗುಣಿಸಿ: 36/60 × 24/36. 36 ಹೊಡೆದುಹೋಗಿ 24/60 ಉಳಿಯುತ್ತದೆ, ಚೌಕದ ಪಟ್ಟಿಯಲ್ಲಿ ಕಂಡ ಅದೇ ಸಂಖ್ಯೆ. ಪ್ರತಿ ಪಟ್ಟಿಯಲ್ಲೂ ಹೀಗೆಯೇ ಆಗುವುದರಿಂದ ಒಟ್ಟು ಉತ್ತರ ಮತ್ತೆ 1/4. ಬದಲಿಗೆ ನಾಣ್ಯ ಚಿಮ್ಮಿ ಎರಡರಲ್ಲಿ ಒಂದನ್ನು ಆರಿಸಿದರೆ ಅರ್ಧ ಸಲ ಚಿಕ್ಕ ತುಂಡು ಬಂದು ಆಟ ಅಲ್ಲಿಗೇ ಮುಗಿಯುತ್ತದೆ, ಆಗ 0.386ರ ಅರ್ಧ, 0.193 ಮಾತ್ರ. ಒಂದೇ ಕೋಲು, ಎರಡೇ ಕಡಿತ, ಉತ್ತರ 0.193, 0.25, 0.386 ಎಂದು ಮೂರು. ಫ್ರಾನ್ಸಿನ ಜೋಸೆಫ್ ಬರ್ಟ್ರಾಂಡ್ 1889ರಲ್ಲಿ ವೃತ್ತದ ಜ್ಯಾ ಒಂದನ್ನು ಮನಬಂದಂತೆ ಎಳೆಯುವ ಪ್ರಶ್ನೆಗೆ 1/2, 1/3, 1/4 ಎಂಬ ಮೂರು ಉತ್ತರ ತೋರಿಸಿದ್ದರು. ಅಲ್ಲಿಯೂ ಜ್ಯಾ ಆರಿಸುವ ವಿಧಾನ ಹೇಳದೆ ಉತ್ತರ ಕೇಳಿದ್ದೇ ತೊಡಕಿನ ಮೂಲ.

ಈ ಕಾರಣಕ್ಕೆ ಗುರುಗಳ ಚಿತ್ರದ ತಲೆಬರಹದಲ್ಲಿ ಒಂದು ಸಾಲು ಸೇರಿಸಿಕೊಳ್ಳಿ: ‘ಎರಡೂ ಗುರುತುಗಳನ್ನು ಇಡೀ ಕೋಲಿನ ಮೇಲೆ, ಒಂದಕ್ಕೊಂದು ಸಂಬಂಧವಿಲ್ಲದಂತೆ ಹಾಕಿ, ಆಮೇಲೆ ಕತ್ತರಿಸಬೇಕು’. ಈ ಸಾಲು ಇದ್ದರೆ ಚೌಕಕ್ಕೆ ಅರ್ಥ ಬರುತ್ತದೆ, ಇಲ್ಲದಿದ್ದರೆ ಚೌಕದ ಎಲ್ಲ ಭಾಗಕ್ಕೂ ಸಮಾನ ತೂಕ ಕೊಡಲು ನಮಗೆ ಹಕ್ಕಿಲ್ಲ. ಮಕ್ಕಳು ಮಾಡಿದ ಪ್ರಯೋಗವನ್ನೂ ಇದೇ ಚೌಕದ ಮೇಲೆ ಬರೆಯಬಹುದು, ಆದರೆ ಆಗ ಚುಕ್ಕೆಗಳು ಸಮನಾಗಿ ಬೀಳುವುದಿಲ್ಲ. 24ರ ಪಟ್ಟಿಯಲ್ಲಿ y 24ಕ್ಕಿಂತ ಕಡಿಮೆ ಇರುವ ಭಾಗ ಖಾಲಿ, ಎಲ್ಲ ಚುಕ್ಕೆಗಳೂ ಮೇಲಿನ 36ರಲ್ಲಿ ಒತ್ತೊತ್ತಾಗಿ ಬೀಳುತ್ತವೆ. ಅಲ್ಲಿ ವಿಸ್ತೀರ್ಣ ಅಳೆದರೆ ಸಂಭವನೀಯತೆ ಸಿಗುವುದಿಲ್ಲ.

1/4ನ್ನು ತರಗತಿಯಲ್ಲಿ ನೋಡಬೇಕೆಂದರೆ ಕಣಕಿ ಮುರಿಸುವುದನ್ನು ಬಿಟ್ಟು ಚೀಟಿ ಎತ್ತಿಸಿ. 60 ಸೆಂ.ಮೀ. ಉದ್ದದ ಕಾಗದದ ಪಟ್ಟಿಗಳನ್ನು ಮಾಡಿಕೊಳ್ಳಿ. 1ರಿಂದ 59ರವರೆಗೆ ಬರೆದ ಚೀಟಿಗಳನ್ನು ಡಬ್ಬಿಯಲ್ಲಿ ಹಾಕಿ, ಒಬ್ಬೊಬ್ಬರೂ ಎರಡೆರಡು ಚೀಟಿ ಎತ್ತಲಿ, ಆ ಎರಡು ಸೆಂಟಿಮೀಟರಿನಲ್ಲಿ ಗುರುತು ಹಾಕಿದ ಮೇಲೆ ಕತ್ತರಿಸಲಿ, ಚೀಟಿಗಳನ್ನು ಡಬ್ಬಿಗೆ ಮರಳಿ ಹಾಕಲಿ. ಕೈಯ ಒಲವೂ ಗೆಣ್ಣಿನ ಹಟವೂ ಇಲ್ಲಿ ಒಳಗೆ ಬರುವುದಿಲ್ಲ.

ಆದರೆ ಈಗ ಚುಕ್ಕೆಗಳು ಪೂರ್ಣ ಸಂಖ್ಯೆಗಳ ಮೇಲೆ ಮಾತ್ರ ಬೀಳುವುದರಿಂದ, ಗೆರೆಗೆ ತೂಕವಿಲ್ಲ ಎಂದು ನಾವು ಮೇಲೆ ಬಿಟ್ಟ ಮಾತು ಮರಳಿ ಬರುತ್ತದೆ. 59 ಚೀಟಿಗಳಿಂದ ಎರಡನ್ನು ಎತ್ತುವ ವಿಧಾನಗಳು 1711. ಅವುಗಳಲ್ಲಿ ಮೂರೂ ತುಂಡು 30ಕ್ಕಿಂತ ಕಡಿಮೆ ಇರುವವು 406, ಒಂದು ತುಂಡು ಸರಿಯಾಗಿ 30 ಇರುವವು 87. ತ್ರಿಭುಜದ ಪಾಲು 406/1711, ಸುಮಾರು 0.237. ಕಾಲು ಭಾಗಕ್ಕಿಂತ ಕೊಂಚ ಕಡಿಮೆ. ಪಟ್ಟಿಯ ಉದ್ದ 59 ಮಾಡಿ 58 ಚೀಟಿ ಇಟ್ಟರೆ ಅರ್ಧ 29.5 ಆಗುತ್ತದೆ, ಯಾವ ತುಂಡೂ ಸರಿಯಾಗಿ ಅರ್ಧಕ್ಕೆ ಬೀಳಲಾರದು, ಆಗ 1653ರಲ್ಲಿ 435, ಅಂದರೆ 0.263, ಕಾಲಿಗಿಂತ ಕೊಂಚ ಹೆಚ್ಚು. ಒಂದು ಸೆಂಟಿಮೀಟರ್ ಕಡಿಮೆ ಮಾಡಿದ್ದಕ್ಕೆ ಉತ್ತರ ಕಾಲು ಭಾಗದ ಈ ದಡದಿಂದ ಆ ದಡಕ್ಕೆ ಹೋಯಿತು. ಗುರುತುಗಳು ಇನ್ನೂ ಸಣ್ಣದಾದಂತೆ, ಮಿಲಿಮೀಟರಿಗೊಂದು ಚೀಟಿ ಇಟ್ಟಂತೆ, ಎರಡೂ ಕಡೆಯಿಂದ 1/4ಕ್ಕೆ ಹತ್ತಿರವಾಗುತ್ತದೆ. 1873ರಲ್ಲಿ ಫ್ರೆಂಚ್ ಗಣಿತಜ್ಞ ಎಮಿಲ್ ಲೆಮ್ವಾನ್ ಈ ಪ್ರಶ್ನೆಯನ್ನು ಬಿಡಿಸಿದ್ದೂ ಹೀಗೆ ಕೋಲನ್ನು ಸಮಭಾಗ ಮಾಡಿ ಎಣಿಸುವ ದಾರಿಯಲ್ಲಿ.

40 ಮಕ್ಕಳು ಮೂರು ಸುತ್ತು ಎತ್ತಿದರೆ 120 ಪಟ್ಟಿ ಆಗುತ್ತದೆ. 60 ಸೆಂ.ಮೀ. ಪಟ್ಟಿಗಾದರೆ 28 ಅಥವಾ 29 ತ್ರಿಭುಜ ಬರಬೇಕು, 24ರಿಂದ 33ರವರೆಗೆ ಏನು ಬಂದರೂ ಆಶ್ಚರ್ಯವಿಲ್ಲ. ಸರಿಯಾಗಿ 30ರ ತುಂಡು ಬಂದು ಚಪ್ಪಟೆಯಾಗುವವು ಆರರ ಆಸುಪಾಸು ಇರುತ್ತವೆ. ಅವನ್ನು ತ್ರಿಭುಜದ ಗುಂಪಿಗೆ ಸೇರಿಸದೆ ಬೇರೆ ಕಾಲಂನಲ್ಲಿ ಬರೆಸಿ, ಇಲ್ಲವಾದರೆ ಕತ್ತರಿ ಒಂದು ಗುಲಗಂಜಿಯಷ್ಟು ಆಚೆ ಹೋದ ಪಟ್ಟಿಯನ್ನು ಯಾರೋ ಎಳೆದು ಕೂಡಿಸಿ ತ್ರಿಭುಜ ಎಂದು ತೋರಿಸುತ್ತಾರೆ. ತೀರ್ಮಾನ ಚೀಟಿಯ ಸಂಖ್ಯೆಯಿಂದಲೇ ಆಗಲಿ, ಕತ್ತರಿಸಿದ ಅಂಚಿನಿಂದ ಬೇಡ. 120ರಲ್ಲಿ 46ರ ಹತ್ತಿರ ಬಂತೆಂದರೆ, ಅದು ಉದ್ದದ ತುಂಡು ಕತ್ತರಿಸುವ ಲೆಕ್ಕದ ಸಂಖ್ಯೆ. ಯಾರೋ ಮೊದಲ ಚೀಟಿಗೇ ಪಟ್ಟಿ ಕತ್ತರಿಸಿ, ಎರಡನೆಯ ಚೀಟಿಯನ್ನು ಬಿಟ್ಟು ಉಳಿದ ದೊಡ್ಡ ತುಂಡಿಗೆ ಕೈ ಹಾಕುತ್ತಿದ್ದಾರೆ ಎಂದು ಆಗ ಹುಡುಕಬೇಕು.